ಖಣದ ಜಾಕೆಟ್ಟಿನ ಎರಡು ದಡಿ ಕೂಡುವ ಜಾಗ: ಗಂಟುಗುಂಡಿಯೋ, ಹುಕ್ಕೋ, ಜಿಪ್ಪೋ, ಟಾಗಲ್ಲೋ?

ಅಕ್ಕನ ಮಗಳು ಗುಳೇದಗುಡ್ಡದಿಂದ ಎರಡು ಮೀಟರ್ ಖಣ ತಂದು ನನ್ನ ಹೊಲಿಗೆ ಮಷಿನ್ನಿನ ಮೇಲೆ ಇಟ್ಟಳು. ತೋಳಿಲ್ಲದ, ಸೊಂಟಕ್ಕಿಂತ ಸ್ವಲ್ಪ ಕೆಳಗೆ ಬರುವ ಜಾಕೆಟ್ ಬೇಕಂತೆ. ಕಾಲೇಜಿಗೂ ಹಾಕಬೇಕು, ಮದುವೆಗೂ ಹಾಕಬೇಕು. "ಚಿಗವ್ವ, ಗುಂಡಿ ಮಾತ್ರ ಬ್ಯಾಡ. ಮುಂದ ನೋಡಿದ್ರ ಏನರ ಚಂದ ಕಾಣಬೇಕು" ಅಂದಳು.

"ಏನು ಅಂದ್ರ ಏನವ್ವಾ?" ಅಂದೆ. ಫೋನ್ ತೆಗೆದು ನಾಲ್ಕು ಚಿತ್ರ ತೋರಿಸಿದಳು. ಒಂದರಲ್ಲಿ ಬಟ್ಟೆಯ ಗಂಟು ಮತ್ತು ಕುಣಿಕೆ, ಅಂದರೆ ಫ್ರಾಗ್. ಒಂದರಲ್ಲಿ ಮರದ ಕಡ್ಡಿಯಂಥ ಟಾಗಲ್. ಒಂದರಲ್ಲಿ ಹೊರಗೇ ಕಾಣುವ ದಪ್ಪ ಹಿತ್ತಾಳೆ ಹುಕ್ಕು. ಕೊನೆಯದರಲ್ಲಿ ಮುಚ್ಚದೆ ಬಿಟ್ಟ ಜಿಪ್ಪು. ನಾಲ್ಕೂ ಚಂದವೇ. ಆದರೆ ನಾಲ್ಕಕ್ಕೂ ಬಟ್ಟೆಯನ್ನು ಬೇರೆ ಬೇರೆ ಥರ ಕತ್ತರಿಸಬೇಕು. ಕತ್ತರಿ ಹಾಕಿದ ಮೇಲೆ ಮನಸ್ಸು ಬದಲಿಸಿದರೆ ಬಟ್ಟೆ ಹಾಳು.

ಇದು ನನಗೆ ಗೊತ್ತಾಗಿದ್ದು ಒಂದು ಖಣ ಕೆಡಿಸಿಕೊಂಡ ಮೇಲೆ. ಹೋದ ವರ್ಷ ನನಗಾಗಿ ಒಂದು ಜಾಕೆಟ್ ಹೊಲಿದಿದ್ದೆ. ಅಂಗಿಗೆ ಬಿಡುವ ಹಾಗೆ ಮುಂಭಾಗದಲ್ಲಿ ಒಂದರ ಮೇಲೊಂದು ಕೂರುವಷ್ಟು ಪಟ್ಟಿ ಬಿಟ್ಟು ಕತ್ತರಿಸಿದೆ. ಹೊಲಿದು ಹಾಕಿಕೊಂಡು ನೋಡಿದರೆ ಒಂದು ಕಡೆಯ ದಡಿ ಇನ್ನೊಂದರ ಕೆಳಗೆ ಹೋಗಿ ಕೂತಿದೆ. ದಡಿಗಾಗಿಯೇ ಕೊಂಡ ಖಣ ಅದು!

ಮೊದಲು ಬಟ್ಟೆ ನೋಡಿ

ಖಣ ಅಗಲ ಕಡಿಮೆ ಇರುವ ಬಟ್ಟೆ. ಕುಪ್ಪಸಕ್ಕೆಂದೇ ನೇಯುವುದು, ಹಾಗಾಗಿ ಅಷ್ಟು ಸಾಕು. ಇವಳು ತಂದದ್ದನ್ನು ಟೇಪ್ ಹಿಡಿದು ನೋಡಿದೆ, 31 ಇಂಚು. ಎರಡೂ ಅಂಚಿಗೆ ಒಂದೂವರೆ ಇಂಚಿನ ದಡಿ, ನಡುವೆ ಒತ್ತೊತ್ತಾಗಿ ಸಣ್ಣ ಚಿತ್ತಾರ. ಮುಂಭಾಗದ ಎರಡು ತುಂಡಿಗೆ ತಲಾ 12 ಇಂಚು ಬೇಕು. ಎಡ ತುಂಡನ್ನು ಒಂದು ಅಂಚಿನಿಂದ, ಬಲ ತುಂಡನ್ನು ಇನ್ನೊಂದು ಅಂಚಿನಿಂದ ತೆಗೆದರೆ ಎರಡೂ ಒಂದೇ ಅಗಲದಲ್ಲಿ ಅಕ್ಕಪಕ್ಕ ಕೂರುತ್ತವೆ. ಚಿತ್ತಾರದ ಸಾಲು ತಾನಾಗಿಯೇ ಸಮ ಆಗುತ್ತದೆ. ಮಧ್ಯದಲ್ಲಿ ಎರಡು ದಡಿ ಎದುರುಬದುರು ಬಂದು ನಿಲ್ಲುತ್ತವೆ. ಬೆನ್ನಿನ ತುಂಡು ಅದರ ಕೆಳಗಿನ ಅಳತೆಯಲ್ಲಿ ಬರುತ್ತದೆ.

ಈಗ ನಿಜವಾದ ಪ್ರಶ್ನೆ ಇದು: ಆ ಎರಡು ದಡಿ ಕೂಡುವ ಜಾಗದಲ್ಲಿ ಯಾವುದು ಏನು ಮಾಡುತ್ತದೆ?

ಟಾಗಲ್ ಹಾಕಬೇಕಾದರೆ ಒಂದು ಬದಿ ಇನ್ನೊಂದರ ಮೇಲೆ ಎರಡೂವರೆಯಿಂದ ಮೂರು ಇಂಚು ಬರಬೇಕು. ಒಂದು ದಡಿ ಪೂರ್ತಿ ಮುಚ್ಚಿಹೋಗುತ್ತದೆ. ಜಿಪ್ಪಿನ ಪಟ್ಟಿಯನ್ನು ಹೊರಗೆ ಕಾಣುವಂತೆ ಹೊಲಿದರೆ ಎರಡೂ ದಡಿಯ ಮೇಲೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಕೂರುತ್ತದೆ. ಹುಕ್ಕು ದಡಿಯನ್ನು ಮುಟ್ಟುವುದೇ ಇಲ್ಲ ಅನ್ನಬಹುದು, ಅಂಚಿಗೆ ಅಂಚು ತಾಗಿಸಿ ಹಿಡಿಯುತ್ತದೆ. ಗಂಟುಗುಂಡಿಯೂ ಅಂಚಿಗೆ ಅಂಚು ತಾಗಿಸುತ್ತದೆ, ಆದರೆ ದಡಿಯ ಮೇಲೆ ಅಡ್ಡಲಾಗಿ ಸೇತುವೆಯಂತೆ ಮಲಗುತ್ತದೆ.

ಇಷ್ಟಕ್ಕೇ ಟಾಗಲ್ ಈ ಜಾಕೆಟ್ಟಿನಿಂದ ಹೊರಗೆ ಹೋಯಿತು. ಉಳಿದ ಮೂರನ್ನು ಕತ್ತರಿಸಿದ ಚೂರುಗಳ ಮೇಲೆ ಮಾಡಿ ನೋಡಿದೆ.

ಹುಕ್ಕು

ನಮ್ಮ ಕಡೆ ಹುಕ್ಕು ಹೊಸದಲ್ಲ. ಮೊದಲು ಖಣದ ಕುಪ್ಪಸಕ್ಕೆ ಮುಂದೆ ಗಂಟು ಕಟ್ಟುತ್ತಿದ್ದರು. ನಮ್ಮ ಅಮ್ಮ, ಅಂದರೆ ಅವ್ವನ ಅವ್ವ, ಕೊನೆವರೆಗೂ ಗಂಟಿನ ಕುಪ್ಪಸವನ್ನೇ ಹಾಕಿದರು. ಆಮೇಲೆ ಹುಕ್ಕು ಬಂತು. ಆದರೆ ಯಾವಾಗಲೂ ಪಟ್ಟಿಯ ಒಳಗೆ, ಕಾಣದ ಹಾಗೆ.

ಹುಕ್ಕನ್ನು ಹೊರಗೆ ತರುವುದಾದರೆ ಬ್ಲೌಸಿನ ಸಣ್ಣ ಹುಕ್ಕು ಉಪಯೋಗಕ್ಕೆ ಬರುವುದಿಲ್ಲ. ಮರೆತು ಹೊರಗೆ ಹೊಲಿದ ಹಾಗೆ ಕಾಣುತ್ತದೆ. ಕೋಟಿಗೆ ಹಾಕುವ ದೊಡ್ಡ ಹುಕ್ಕು ಬೇಕು, ಅದೂ ಹತ್ತಿರ ಹತ್ತಿರ, ಒಂದು ಇಂಚಿಗೆ ಒಂದು. ದಪ್ಪ ದಾರದಲ್ಲಿ ಕಾಜಾ ಹೊಲಿಗೆ ಹಾಕಿ ಅದರ ಎರಡು ಕಿವಿಗಳನ್ನು ಮುಚ್ಚಿದರೆ ಆ ದಾರದ ಬಣ್ಣವೇ ಒಂದು ಸಾಲು ಚುಕ್ಕೆಯಂತೆ ಕಾಣುತ್ತದೆ. ಹುಕ್ಕನ್ನು ಅಂಚಿಗೆ ಸರಿಯಾಗಿ ಇಡಬಾರದು, ಒಂದು ನೂಲಿನಷ್ಟು ಒಳಗೆ ಇಡಬೇಕು. ಅದು ಸಿಕ್ಕಿಕೊಳ್ಳುವ ಕಣ್ಣು ಅಷ್ಟೇ ಹೊರಗೆ ಚಾಚಬೇಕು. ಆಗ ಎಳೆದಾಗ ಅಂಚುಗಳು ಸರಿಯಾಗಿ ಕೂಡುತ್ತವೆ.

ಎಳೆದಾಗ. ಈ ಮಾತೇ ಮುಖ್ಯ. ಹುಕ್ಕು ನಿಲ್ಲುವುದು ಎಳೆತದಿಂದ. ಮೈಗೆ ಅಂಟಿದ ಕುಪ್ಪಸದಲ್ಲಿ ಬಟ್ಟೆ ಎರಡೂ ಕಡೆಯಿಂದ ಎಳೆಯುತ್ತಿರುತ್ತದೆ, ಅದಕ್ಕೇ ಹುಕ್ಕು ಬಿಚ್ಚಿಕೊಳ್ಳುವುದಿಲ್ಲ. ಇವಳ ಜಾಕೆಟ್ಟು ಎದೆ ಸುತ್ತಳತೆಗಿಂತ ನಾಲ್ಕು ಇಂಚು ಸಡಿಲ. ಚೂರು ಬಟ್ಟೆಯಲ್ಲಿ ಐದು ಹುಕ್ಕು ಹಾಕಿ ಕುರ್ಚಿಯ ಬೆನ್ನಿಗೆ ಸಡಿಲವಾಗಿ ಸುತ್ತಿ ಅಲ್ಲಾಡಿಸಿದೆ. ಎರಡು ಬಿಚ್ಚಿಕೊಂಡವು. ಅದೇ ಚೂರನ್ನು ಬಿಗಿಯಾಗಿ ಸುತ್ತಿದಾಗ ಒಂದೂ ಬಿಚ್ಚಲಿಲ್ಲ. ಹಾಗಾಗಿ ನಡು ಬಿಗಿ ಇರುವ ಗಿಡ್ಡ ಜಾಕೆಟ್ಟಿಗೆ ಹುಕ್ಕಿನ ಸಾಲು ಚಂದ, ಸಡಿಲ ಜಾಕೆಟ್ಟಿಗೆ ಬೇಡವೇ ಬೇಡ.

ಇನ್ನೊಂದು ವಿಷಯ. ಹಿತ್ತಾಳೆ ಬಣ್ಣ ಇದ್ದ ಮಾತ್ರಕ್ಕೆ ಹಿತ್ತಾಳೆ ಆಗುವುದಿಲ್ಲ. ಅಂಗಡಿಗೆ ಹೋಗುವಾಗ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಹುಕ್ಕು ಅಂಟಿಕೊಂಡರೆ ಒಳಗೆ ಕಬ್ಬಿಣವೋ ಸ್ಟೀಲೋ ಇದೆ ಎಂದು ಅರ್ಥ. ಒಳಗೆ ಇರುವ ಹುಕ್ಕು ತುಕ್ಕು ಹಿಡಿದರೆ ಒಳಗಿನ ಪಟ್ಟಿ ಕೆಡುತ್ತದೆ. ಹೊರಗಿನದು ಹಿಡಿದರೆ ದಡಿಯೇ ಕೆಡುತ್ತದೆ.

ಜಿಪ್ಪು

ಜಿಪ್ಪನ್ನು ಮುಚ್ಚದೆ ತೋರಿಸುವುದು ಈಗಿನ ಹುಡುಗರ ಕಿಡಿಗೇಡಿತನ ಅಂತ ನಾನು ತಿಳಿದಿದ್ದೆ. ಆದರೆ ಪ್ಯಾರಿಸ್ಸಿನಲ್ಲಿ ಎಲ್ಸಾ ಸ್ಕಿಯಾಪರೆಲ್ಲಿ 1930ರ ದಶಕದಲ್ಲೇ ಬಣ್ಣದ ಪ್ಲಾಸ್ಟಿಕ್ ಜಿಪ್ಪುಗಳನ್ನು ದೊಡ್ಡ ಪಾರ್ಟಿಯ ಉಡುಪಿನ ಮೇಲೆ ಎದ್ದು ಕಾಣುವ ಹಾಗೆ ಹಾಕಿದ್ದರು. ಹಾಗಾಗಿ ಅಕ್ಕನ ಮಗಳನ್ನು ಬೈಯುವಂತಿಲ್ಲ.

ಜಿಪ್ಪಿಗೆ ನಂಬರ್ ಇರುತ್ತದೆ. 3, 5, 8, 10. ಮುಚ್ಚಿದಾಗ ಹಲ್ಲಿನ ಸಾಲು ಎಷ್ಟು ಅಗಲ ಎಂಬುದನ್ನು ಅದು ಹೆಚ್ಚು ಕಡಿಮೆ ಮಿಲಿಮೀಟರಿನಲ್ಲಿ ಹೇಳುತ್ತದೆ. ಚೂಡಿದಾರದ ಬೆನ್ನಿಗೆ ಹಾಕುವುದು 3. ಜಾಕೆಟ್ಟಿಗೆ 5. ಇನ್ನು 8, 10 ಅಂದರೆ ಬ್ಯಾಗು, ದಪ್ಪ ಚರ್ಮ. ಖಣಕ್ಕೆ 5ಕ್ಕಿಂತ ದೊಡ್ಡದು ಹಾಕಿದರೆ ಬಟ್ಟೆ ಅದರ ಭಾರಕ್ಕೆ ಜೋತು ಬೀಳುತ್ತದೆ. ಜಾಕೆಟ್ ಪೂರ್ತಿ ತೆರೆಯಬೇಕಲ್ವಾ, ಹಾಗಾಗಿ ಕೆಳಗೆ ಎರಡು ಭಾಗವಾಗಿ ಬಿಡಿಸಿಕೊಳ್ಳುವ ಜಿಪ್ಪೇ ಬೇಕು. ಇದನ್ನು ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿ. ನಾನು ಹೇಳದೆ ತಂದು ಒಮ್ಮೆ ವಾಪಸ್ ಹೋಗಿದ್ದೇನೆ.

ಚೂರಿನ ಮೇಲೆ 5 ನಂಬರಿನ ಲೋಹದ ಜಿಪ್ಪನ್ನು ನೇರವಾಗಿ ಹೊಲಿದೆ. ಹೊಲಿಯುವಾಗ ಸರಿ ಇತ್ತು. ಎತ್ತಿ ಹಿಡಿದರೆ ಅಲೆ ಅಲೆ, ಹಪ್ಪಳ ಕರಿದ ಹಾಗೆ. ಜಿಪ್ಪಿನ ಪಟ್ಟಿ ಹಿಗ್ಗುವುದಿಲ್ಲ, ಬಟ್ಟೆ ಮಷಿನ್ನಿನ ಕಾಲಿನ ಕೆಳಗೆ ಸ್ವಲ್ಪ ಹಿಗ್ಗುತ್ತದೆ. ಹೊಲಿಗೆ ಮುಗಿದ ಮೇಲೆ ಬಟ್ಟೆ ಉದ್ದ ಜಾಸ್ತಿ ಆಗಿ ಎಲ್ಲೂ ಹೋಗಲಾಗದೆ ಎದ್ದು ನಿಲ್ಲುತ್ತದೆ. ಎರಡನೇ ಸಲ ಬಟ್ಟೆಯ ಹಿಂದೆ ಒಂದೂವರೆ ಇಂಚಿನ ಫ್ಯೂಸಿಂಗ್ ಪಟ್ಟಿಯನ್ನು ಇಸ್ತ್ರಿಯಲ್ಲಿ ಅಂಟಿಸಿದೆ. ಖಣದಲ್ಲಿ ರೇಷ್ಮೆಯೋ ಕೃತಕ ರೇಷ್ಮೆಯೋ ಇರುವುದರಿಂದ ಇಸ್ತ್ರಿಯ ಬಿಸಿಯನ್ನು ಮೊದಲು ಒಂದು ಮೂಲೆಯಲ್ಲಿ ನೋಡಬೇಕು. ಜಾಸ್ತಿ ಆದರೆ ಆ ಜಾಗ ಮಿರಮಿರ ಹೊಳೆಯುತ್ತದೆ, ಮತ್ತೆ ಹೋಗುವುದಿಲ್ಲ. ಆಮೇಲೆ ಜಿಪ್ಪು ಮುಚ್ಚಿಟ್ಟುಕೊಂಡು ಎರಡೂ ಕಡೆ ಚಿತ್ತಾರದ ಸಾಲಿಗೆ ಸರಿಯಾಗಿ ನಾಲ್ಕು ಜಾಗದಲ್ಲಿ ಚಾಕ್ ಗೆರೆ ಹಾಕಿದೆ. ಜಿಪ್ಪು ಬಿಚ್ಚಿ, ಗೆರೆಗೆ ಗೆರೆ ಕೂಡಿಸಿ ಕೈಯಲ್ಲಿ ಟಾಕ ಹಾಕಿ, ಆಮೇಲೆ ಮಷಿನ್. ಈ ಸಲ ಚಪ್ಪಟೆ ಕೂತಿತು.

ಆದರೂ ಮನಸ್ಸಿಗೆ ಬರಲಿಲ್ಲ. ಕಾರಣ ದಡಿ. ಕರಿ ಪಟ್ಟಿ, ಹಿತ್ತಾಳೆ ಹಲ್ಲು, ಎರಡೂ ಪಕ್ಕ ಉಳಿದ ಅರೆಬರೆ ದಡಿ. ಮೂರು ಗೆರೆ ಒಂದೇ ಜಾಗದಲ್ಲಿ ಜಗಳ ಆಡುತ್ತಿವೆ. ದಡಿ ಇಲ್ಲದ ನಡುಭಾಗದ ಖಣ ಬಳಸಿ, ದಡಿಯನ್ನು ಕೆಳ ಅಂಚಿಗೆ ಒಯ್ದರೆ ಇದೇ ಜಿಪ್ಪು ಚಂದ ಕಾಣುತ್ತದೆ. ಒತ್ತು ಚಿತ್ತಾರದ ನಡುವೆ ಒಂದೇ ಗಟ್ಟಿ ಗೆರೆ, ನೋಡುವ ಕಣ್ಣಿಗೆ ಅಷ್ಟು ಸಾಕು. ಬೆಳಗ್ಗೆ ಬಸ್ ಹಿಡಿಯುವ ಅವಸರದವರಿಗೆ ನಾನು ಅದನ್ನೇ ಹೇಳುತ್ತೇನೆ. ಒಂದೇ ಎಳೆತಕ್ಕೆ ಮುಗಿಯಿತು.

ಲೋಹದ ಜಿಪ್ಪು ಉದ್ದ ಜಾಸ್ತಿ ಆದರೆ ಕೆಳಗೆ ಕತ್ತರಿಸಬೇಡಿ, ಬಿಡಿಸಿಕೊಳ್ಳುವ ಭಾಗ ಅಲ್ಲೇ ಇರುವುದು. ಮೇಲಿನಿಂದ ಬೇಡವಾದ ಹಲ್ಲುಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತು, ರನ್ನರ್ ಹೊರಗೆ ಬರದಂತೆ ತಡೆ ಹಾಕಿ, ಉಳಿದ ಪಟ್ಟಿಯನ್ನು ಕುತ್ತಿಗೆಯ ಹೊಲಿಗೆಯೊಳಗೆ ಮಡಚಬೇಕು.

ಗಂಟುಗುಂಡಿ

ಉಳಿದದ್ದು ಇದು. ಚೀನಾದ ಚಿಪಾವ್ ಎಂಬ ಉಡುಪಿನಲ್ಲಿ ಇದನ್ನು ಪಾನ್‌ಕೌ ಅನ್ನುತ್ತಾರೆ. ಯುರೋಪಿನ ಹುಸ್ಸಾರ್ ಕುದುರೆ ಸಿಪಾಯಿಗಳ ಕೋಟಿನ ಮೇಲೆ ಎದೆಯುದ್ದಕ್ಕೂ ಅಡ್ಡಲಾಗಿ ಹಾಕುತ್ತಿದ್ದ ದಾರದ ಪಟ್ಟಿಗಳೂ ಇದೇ ಜಾತಿಯವು. ಎರಡು ಭಾಗ: ಒಂದು ಕಡೆ ಗಂಟು, ಇನ್ನೊಂದು ಕಡೆ ಕುಣಿಕೆ. ಎರಡಕ್ಕೂ ಬಾಲ ಇರುತ್ತದೆ, ಆ ಬಾಲವನ್ನು ಸುರುಳಿ ಸುತ್ತಿ ಬಟ್ಟೆಗೆ ಹೊಲಿಯುತ್ತಾರೆ. ಕಣ್ಣಿಗೆ ಬೀಳುವುದು ಆ ಸುರುಳಿ.

ಮೊದಲು ಖಣದಲ್ಲೇ ದಾರ ಮಾಡಲು ನೋಡಿದೆ. ಕೆಟ್ಟಿತು. ಖಣದ ಚಿತ್ತಾರದ ಎಳೆಗಳು ಮೇಲೆ ತೇಲುತ್ತಿರುತ್ತವೆ, ಒಳಗಿನಿಂದ ಹೊರಗೆ ತಿರುವುವಾಗ ಅವು ಕಿತ್ತು ಬಂದವು. ಗಂಟು ಹಾಕಿದ ಮೇಲೆ ಚಿತ್ತಾರವೂ ಕಾಣುವುದಿಲ್ಲ, ಸುಮ್ನೆ ಕಲೆಯಂತೆ ಕಾಣುತ್ತದೆ. ದಡಿಯ ಕೆಂಪಿಗೆ ಹೊಂದುವ ಸಾದಾ ಕಾಟನ್ ಪಾಪ್ಲಿನ್ ತಂದೆ. ತಂದ ಕೂಡಲೇ ನೀರಲ್ಲಿ ನೆನೆಸಿ ಒಣಗಿಸಿದೆ. ಆಮೇಲೆ ಕುಗ್ಗಿದರೆ ಬಾಲದ ಸುರುಳಿ ಬಟ್ಟೆಯನ್ನು ಎಳೆದು ಸುಕ್ಕು ಮಾಡುತ್ತದೆ. ಕೆಂಪು ಬಣ್ಣ ಬಿಡುತ್ತದೋ ಅಂತ ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿಯೂ ನೋಡಿದೆ.

ಪಟ್ಟಿಯನ್ನು ಓರೆಯಾಗಿಯೇ ಕತ್ತರಿಸಬೇಕು, ಮೂಲೆಯಿಂದ ಮೂಲೆಗೆ. ನೇರ ಪಟ್ಟಿ ಬಾಗುವುದಿಲ್ಲ, ಗಂಟಿನಲ್ಲಿ ಮುರಿದ ಹಾಗೆ ಕೂರುತ್ತದೆ. ಒಂದು ಇಂಚು ಅಗಲದ ಪಟ್ಟಿ, ಒಳಮುಖ ಮಡಚಿ, ಮಡಿಕೆಯಿಂದ ಕಾಲು ಇಂಚು ಬಿಟ್ಟು ಸಣ್ಣ ಹೊಲಿಗೆ. ಹೊಲಿಯುವಾಗ ಪಟ್ಟಿಯನ್ನು ಸ್ವಲ್ಪ ಎಳೆದು ಹಿಡಿಯಬೇಕು, ಇಲ್ಲದಿದ್ದರೆ ತಿರುವುವಾಗ ದಾರ ಪಟ್ ಅನ್ನುತ್ತದೆ. ಹೊಲಿಗೆಯಾಚೆ ಉಳಿದ ಬಟ್ಟೆಯನ್ನು ಕತ್ತರಿಸಬೇಡಿ. ತಿರುವಿದಾಗ ಅದೇ ಒಳಗೆ ಹೋಗಿ ದಾರವನ್ನು ದುಂಡಗೆ ತುಂಬುತ್ತದೆ. ತಿರುವಲು ನಾನು ಗೋಣಿ ಹೊಲಿಯುವ ದಬ್ಬಣಕ್ಕೆ ದಪ್ಪ ನೂಲು ಕಟ್ಟಿ, ಹಿಂಭಾಗ ಮುಂದೆ ಮಾಡಿ ಒಳಗೆ ತೂರಿಸಿ ಎಳೆದೆ.

ಲೆಕ್ಕ ಹೀಗೆ. ಗಂಟಿಗೆ ಬಾಲ ಸೇರಿ ಒಂದು ಅಡಿ. ಕುಣಿಕೆಗೆ ಬಾಲ ಸೇರಿ 10 ಇಂಚು. ಒಂದು ಜೋಡಿಗೆ 22. ಐದು ಜೋಡಿ ಬೇಕು. 36 ಇಂಚು ಅಗಲದ ಬಟ್ಟೆಯಲ್ಲಿ ಮೂಲೆಯಿಂದ ಮೂಲೆಗೆ ಸುಮಾರು 50 ಇಂಚಿನ ಪಟ್ಟಿ ಸಿಗುತ್ತದೆ, ಒಂದರಲ್ಲಿ ಎರಡು ಜೋಡಿ. ಅಂದರೆ ಮೂರು ಪಟ್ಟಿ, ಒಂದು ಜೋಡಿ ಮಿಗುತ್ತದೆ. ಮಿಗಲಿ. ಮೊದಲ ಗಂಟು ಯಾರಿಗೂ ಸರಿ ಬರುವುದಿಲ್ಲ. ನನ್ನದು ಬೆಳ್ಳುಳ್ಳಿ ಎಸಳಿನ ಹಾಗೆ ಒಂದು ಕಡೆ ವಾಲಿತ್ತು. ಗಂಟನ್ನು ಒಂದೇ ಸಲ ಎಳೆದು ಬಿಗಿ ಮಾಡಬಾರದು. ಸಡಿಲವಾಗಿ ಹಾಕಿ, ದಾರದ ದಾರಿ ಹಿಡಿದು ಒಂದೊಂದು ಸುತ್ತನ್ನೂ ಸ್ವಲ್ಪ ಸ್ವಲ್ಪ ಎಳೆಯುತ್ತಾ ಹೋಗಬೇಕು. ಹೊಲಿಗೆಯ ಗೆರೆ ಯಾವಾಗಲೂ ಕೆಳಮುಖ ಇರಲಿ.

ಕುಣಿಕೆಯ ಅಳತೆಯನ್ನು ಗಂಟು ಮುಗಿದ ಮೇಲೆ ತೆಗೆಯಿರಿ, ಮೊದಲೇ ಅಲ್ಲ. ಗಂಟು ಸ್ವಲ್ಪ ಒತ್ತಿದರೆ ಮಾತ್ರ ಒಳಗೆ ಹೋಗಬೇಕು. ಸಲೀಸಾಗಿ ಹೋದರೆ ಸಲೀಸಾಗಿ ಹೊರಗೂ ಬರುತ್ತದೆ. ಬಟ್ಟೆಯ ಕುಣಿಕೆ ಒಂದೆರಡು ವಾರದಲ್ಲಿ ಇನ್ನಷ್ಟು ಸಡಿಲ ಆಗುತ್ತದೆ.

ಇನ್ನು ಜಾಗ. ಜಾಕೆಟ್ಟಿನ ಮುಂದಿನ ಉದ್ದ 18 ಇಂಚು. ಸಮವಾಗಿ ಹಂಚುವುದಲ್ಲ, ಮೊದಲು ಎದೆಯ ಎತ್ತರದ ಗೆರೆ ಹಿಡಿಯಬೇಕು. ಬಟ್ಟೆ ಬಾಯಿ ಬಿಡುವುದು ಅಲ್ಲೇ. ಇವಳಿಗೆ ಅದು ಕುತ್ತಿಗೆಯಿಂದ 7 ಇಂಚು ಕೆಳಗೆ. ಅಲ್ಲೊಂದು ಜೋಡಿ, ಕುತ್ತಿಗೆಗೆ ಒಂದು, ಇವೆರಡರ ನಡುವೆ ಒಂದು. ಹಾಗಾದರೆ ಅಂತರ ಮೂರೂವರೆ ಇಂಚು. ಅದೇ ಅಂತರದಲ್ಲಿ ಕೆಳಗೆ ಇನ್ನೆರಡು, ಕೊನೆಯದು 14 ಇಂಚಿಗೆ ಬಂತು. ಅದರ ಕೆಳಗಿನ 4 ಇಂಚು ಬಿಟ್ಟೇ ಇರಲಿ, ಕೂತಾಗ ಎಳೆಯುವುದಿಲ್ಲ.

ಗಂಟುಗುಂಡಿಯ ದೊಡ್ಡ ದೋಷವೂ ಇಲ್ಲೇ ಇದೆ. ಅದು ಬಟ್ಟೆಯನ್ನು ಹಿಡಿಯುವುದು ಐದು ಬಿಂದುಗಳಲ್ಲಿ ಮಾತ್ರ. ನಡುವೆ ಏನೂ ಇಲ್ಲ. ನಿಂತಾಗ ದಡಿಗೆ ದಡಿ ತಾಗಿರುತ್ತದೆ, ಕೈ ಎತ್ತಿದಾಗ ನಡುವಿನಲ್ಲಿ ಎಲೆಯಾಕಾರದ ಕಿಂಡಿ. ಅದಕ್ಕೆ ಒಂದು ಬದಿಯ ಹಿಂದೆ ಒಂದೂವರೆ ಇಂಚಿನ ಒಳಪಟ್ಟಿ ಹೊಲಿದೆ, ಅದೇ ಕೆಂಪು ಪಾಪ್ಲಿನ್ನಿನದು. ಕಿಂಡಿ ಬಿದ್ದರೂ ಕೆಂಪೇ ಕಾಣುತ್ತದೆ. ಎದೆಯ ಗೆರೆಯ ಮೇಲೆ ಕೆಳಗೆ ಒಂದೊಂದು ಟಿಚ್ ಗುಂಡಿಯನ್ನೂ ಒಳಗೆ ಹಾಕಿದೆ. ಇದು ಮೋಸ ಅಂತ ಅಕ್ಕ ನಕ್ಕಳು. ಮೋಸವೇ, ಆದರೆ ಕೆಲಸ ಮಾಡುತ್ತದೆ.

ಸುರುಳಿಯನ್ನು ಮಷಿನ್ನಿನಲ್ಲಿ ಹೊಲಿಯಬೇಡಿ, ದಾರ ಚಪ್ಪಟೆ ಆಗುತ್ತದೆ. ಕೈ ಸೂಜಿಯಲ್ಲಿ ಕೆಳಗಿನಿಂದ ಹೊಲಿಯಬೇಕು. ಗಂಟಿನ ಕುತ್ತಿಗೆ ಸರಿಯಾಗಿ ಬಟ್ಟೆಯ ಅಂಚಿಗೆ ಬರಬೇಕು, ಕುಣಿಕೆಯ ತಲೆ ಮಾತ್ರ ಅಂಚಿನಾಚೆ ಹೋಗಬೇಕು. ಗಂಟನ್ನು ಒಳಗೆ ಸರಿಸಿದರೆ ಎರಡು ದಡಿ ಒಂದರ ಮೇಲೊಂದು ಹತ್ತುತ್ತವೆ, ಹೊರಗೆ ಸರಿಸಿದರೆ ನಡುವೆ ಸಂದು ಬೀಳುತ್ತದೆ. ಒಂದು ಜೋಡಿಗೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಜಿಪ್ಪಾದರೆ ಇಡೀ ಜಾಕೆಟ್ಟಿಗೇ ಅಷ್ಟು ಹೊತ್ತು. ದುಡ್ಡಿಗೆ ಹೊಲಿಯುವವರು ಇದನ್ನು ನೆನಪಿಟ್ಟುಕೊಂಡು ಬೆಲೆ ಹೇಳಿ.

ಟಾಗಲ್ ಎಲ್ಲಿಗೆ?

ಖಣಕ್ಕೆ ಬೇಡ ಅಂದೆ, ಕೆಟ್ಟದ್ದು ಅಂದಿಲ್ಲ. ಬೆಳಗಾವಿಯಲ್ಲಿರುವ ತಮ್ಮನಿಗೆ ಕಂಬಳಿಯಲ್ಲಿ ಒಂದು ಕೋಟು ಹೊಲಿಯಬೇಕು. ಅಲ್ಲಿನ ಚಳಿಗೆ ಅಂಚಿಗೆ ಅಂಚು ತಾಗಿಸಿದರೆ ನಡುವೆ ಗಾಳಿ ನುಗ್ಗುತ್ತದೆ. ಕಂಬಳಿಗೆ ತೋರಿಸಬೇಕಾದ ದಡಿಯೂ ಇಲ್ಲ. ಮೂರು ಇಂಚು ಒಂದರ ಮೇಲೊಂದು ಬರಲಿ, ನಾಲ್ಕು ದೊಡ್ಡ ಟಾಗಲ್ ಇರಲಿ. ಬ್ರಿಟಿಷ್ ನೌಕಾಪಡೆಯವರು ಹಾಕುತ್ತಿದ್ದ ಡಫಲ್ ಕೋಟಿನ ಲೆಕ್ಕ ಇದೇ: ದಪ್ಪ ಉಣ್ಣೆ, ಮರದ ಟಾಗಲ್, ಹಗ್ಗದ ಕುಣಿಕೆ. ಕೈಗವಸು ಹಾಕಿಕೊಂಡೇ ಬಿಚ್ಚಬಹುದು.

ಟಾಗಲ್ ಕುಣಿಕೆಯೊಳಗೆ ತುದಿ ಮುಂದೆ ಮಾಡಿ ನುಗ್ಗುತ್ತದೆ, ಆಮೇಲೆ ಅಡ್ಡ ತಿರುಗಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಕುಣಿಕೆಯನ್ನು ಅದರ ದಪ್ಪಕ್ಕೆ ಅಳೆಯಬೇಕು, ಉದ್ದಕ್ಕಲ್ಲ. ಟಾಗಲನ್ನು ಬಟ್ಟೆಗೆ ಕಟ್ಟುವ ದಾರಕ್ಕೆ ಮಾತ್ರ ಸ್ವಲ್ಪ ಆಟ ಬಿಡಬೇಕು. ಬಿಗಿಯಾಗಿ ಕಟ್ಟಿದರೆ ಅದು ನೆಟ್ಟಗೆ ನಿಲ್ಲುವುದಿಲ್ಲ, ಕುಣಿಕೆಗೆ ತೂರುವುದೂ ಇಲ್ಲ. ಕಂಬಳಿಯ ನೇಯ್ಗೆ ಸಡಿಲ, ದಾರ ಎಳೆದೆಳೆದು ತೂತು ಮಾಡುತ್ತದೆ. ಪ್ರತಿ ಟಾಗಲ್ಲಿನ ಕೆಳಗೂ, ಕುಣಿಕೆಯ ಬುಡಕ್ಕೂ ಚರ್ಮದ ತುಂಡು ಹಾಕಿ ಅದರ ಮೇಲೆ ಹೊಲಿಯಬೇಕು. ಆ ಚರ್ಮದ ಮುಕ್ಕೋನವೇ ಈ ಕೋಟಿನ ಅಲಂಕಾರ.

ಅಕ್ಕನ ಮಗಳು ಜಾಕೆಟ್ ಹಾಕಿಕೊಂಡು ಒಂದು ಮದುವೆಗೆ ಹೋಗಿ ಬಂದಳು. ಮೇಲಿನ ನಾಲ್ಕು ಜೋಡಿ ಸರಿಯಾಗಿವೆ. ಕೆಳಗಿನ ಐದನೆಯದು ಸ್ಕೂಟಿ ಹತ್ತಿದಾಗಲೆಲ್ಲ ಬಿಚ್ಚುತ್ತದಂತೆ. ಕುಣಿಕೆಯ ಬುಡದಲ್ಲಿ ಎರಡು ಹೊಲಿಗೆ ಹಾಕಿ ಬಾಯಿ ಸಣ್ಣ ಮಾಡಿಕೊಟ್ಟಿದ್ದೇನೆ. ಮತ್ತೆ ಬಿಚ್ಚಿದರೆ ಮಿಕ್ಕ ಆ ಒಂದು ಜೋಡಿಯಿಂದ ಕುಣಿಕೆ ತೆಗೆದು ಬದಲಿಸುತ್ತೇನೆ.